ಕೆಲಸ ಬಿಡುವ ಸಿಸ್ಟಮ್ ಅಡ್ಮಿನ್ ಬರೆದಿಡಬೇಕಾದ ಪ್ರಭಾರ ಟಿಪ್ಪಣಿ

ಪ್ರಶ್ನೆ: ಉಡುಪಿಯ ಒಂದು ಕ್ರೆಡಿಟ್ ಕೋ-ಆಪರೇಟಿವ್ ಸೊಸೈಟಿಯಲ್ಲಿ ಕೆಲವು ವರ್ಷಗಳಿಂದ ನಾನೊಬ್ಬನೇ ಸಿಸ್ಟಮ್ ಅಡ್ಮಿನ್. ಕುಂದಾಪುರ, ಬ್ರಹ್ಮಾವರ, ಕಾಪು, ಕಾರ್ಕಳದಲ್ಲಿ ಶಾಖೆಗಳಿವೆ. ವಿಂಡೋಸ್ ಡೊಮೇನ್, ಒಂದು ಉಬುಂಟು ಬ್ಯಾಕಪ್ ಸರ್ವರ್, ಗೂಗಲ್ ವರ್ಕ್‌ಸ್ಪೇಸ್ ಮೇಲ್, ಜೊತೆಗೆ ಕೋರ್ ಬ್ಯಾಂಕಿಂಗ್ ತಂತ್ರಾಂಶ ಇವೆ. ಮೇ 31ಕ್ಕೆ ಕೆಲಸ ಬಿಡುತ್ತಿದ್ದೇನೆ. ನನ್ನ ಜಾಗಕ್ಕೆ ಬರುವವರು ಕೊನೆಯ ನಾಲ್ಕು ದಿನ ಮಾತ್ರ ಜೊತೆಗಿರುತ್ತಾರೆ. ಎಲ್ಲ ಪಾಸ್‌ವರ್ಡ್‌ಗಳನ್ನು ಒಂದು ಎಕ್ಸೆಲ್ ಹಾಳೆಯಲ್ಲಿ ಬರೆದು ಇಮೇಲ್ ಮಾಡಿ ಎಂದು ಜನರಲ್ ಮ್ಯಾನೇಜರ್ ಹೇಳಿದ್ದಾರೆ. ನನ್ನ ಹೆಸರಿನ ಐಡಿಯೇ ಎಲ್ಲ ಕಡೆ ಅಡ್ಮಿನ್ ಆಗಿದೆ. ಕೊನೆಯ ದಿನ ಅದನ್ನು ಡಿಲೀಟ್ ಮಾಡಲೇ? ಶಾಖೆಗಳ ಕೆಲವು ಆಕ್ಸೆಸ್ ಕೋರಿಕೆಗಳು ಬಾಕಿ ಇವೆ, ಒಂದೆರಡು ಬಾಯಿಮಾತಿನವು. ಎಲ್ಲವನ್ನೂ ಮುಗಿಸಿ ಹೋಗುವುದು ಸರಿಯೇ?

ಉತ್ತರ: ಐಡಿಯನ್ನು ಡಿಲೀಟ್ ಮಾಡಬೇಡಿ, ಪಾಸ್‌ವರ್ಡ್‌ಗಳನ್ನು ಇಮೇಲ್‌ನಲ್ಲಿ ಕಳುಹಿಸಬೇಡಿ, ಬಾಕಿ ಕೋರಿಕೆಗಳನ್ನು ಕೊನೆಯ ದಿನದ ಅವಸರದಲ್ಲಿ ಮುಗಿಸಬೇಡಿ. ಈ ಮೂರಕ್ಕೂ ಕಾರಣಗಳು ಬೇರೆ ಬೇರೆ.

ಪ್ರಭಾರ ಟಿಪ್ಪಣಿ ಎಂದರೆ ಪಾಸ್‌ವರ್ಡ್ ಪಟ್ಟಿ ಎಂಬ ನಂಬಿಕೆ ನಮ್ಮ ಕಚೇರಿಗಳಲ್ಲಿ ಬಹಳ ಗಟ್ಟಿಯಾಗಿದೆ. ಹೊಸಬರು ಬಂದ ಮೊದಲ ವಾರದಲ್ಲೇ ಪಾಸ್‌ವರ್ಡ್‌ಗಳನ್ನು ಬದಲಿಸಬೇಕು, ಆದ್ದರಿಂದ ಆ ಪಟ್ಟಿಯ ಆಯುಷ್ಯ ಒಂದು ವಾರ. ಟಿಪ್ಪಣಿ ಮಾತ್ರ ಮುಂದಿನ ಲೆಕ್ಕಪರಿಶೋಧನೆಯವರೆಗೂ ಉಪಯೋಗಕ್ಕೆ ಬರಬೇಕು. ಯಾವ ಐಡಿಗೆ ಯಾವ ಅಧಿಕಾರವಿದೆ, ಅದನ್ನು ಯಾರ ಒಪ್ಪಿಗೆಯಿಂದ ಕೊಡಲಾಯಿತು, ಆ ಐಡಿ ನಿಂತರೆ ಯಾವ ಕೆಲಸ ನಿಲ್ಲುತ್ತದೆ ಎಂಬ ಮೂರು ಸಂಗತಿಗಳು ಅದರಲ್ಲಿರಬೇಕು. ಮೊದಲ ಎರಡನ್ನು ಹೊಸಬರು ಕಷ್ಟಪಟ್ಟಾದರೂ ಹುಡುಕಿಕೊಳ್ಳಬಹುದು. ಮೂರನೆಯದು ಈಗ ನಿಮ್ಮೊಬ್ಬರಿಗೇ ಗೊತ್ತಿದೆ, ಹಲವು ಸಲ ನಿಮಗೂ ಪೂರ್ತಿ ನೆನಪಿರುವುದಿಲ್ಲ. ಹಾಗಾಗಿ ಅಲ್ಲಿಂದಲೇ ಆರಂಭಿಸಿ.

ನಿಮ್ಮ ಹೆಸರು ಎಲ್ಲೆಲ್ಲಿ ಸೇರಿಕೊಂಡಿದೆ

ಒಬ್ಬರೇ ಅಡ್ಮಿನ್ ಇರುವ ಕಡೆ ಅವರ ಸ್ವಂತ ಐಡಿ ನಿಧಾನವಾಗಿ ಯಂತ್ರದ ಭಾಗವೇ ಆಗಿಬಿಡುತ್ತದೆ. ಹಿಂದೆ ಯಾವಾಗಲೋ ರಾತ್ರಿ ಬ್ಯಾಕಪ್‌ಗೆಂದು ಒಂದು ಶೆಡ್ಯೂಲ್ಡ್ ಟಾಸ್ಕ್ ಮಾಡಿದಾಗ ಪರದೆ ಒಂದು ಯೂಸರ್ ಮತ್ತು ಪಾಸ್‌ವರ್ಡ್ ಕೇಳಿರುತ್ತದೆ, ನೀವು ನಿಮ್ಮದನ್ನೇ ಕೊಟ್ಟಿರುತ್ತೀರಿ. ಎಸ್‌ಎಂಎಸ್ ಕಳುಹಿಸುವ ಸರ್ವಿಸ್, ದಿನದ ಕೊನೆಯ ವರದಿಯನ್ನು ಫೋಲ್ಡರ್‌ಗೆ ಹಾಕುವ ಸ್ಕ್ರಿಪ್ಟ್, ಡೇಟಾಬೇಸ್‌ನ ಜಾಬ್ ಕೂಡ ಹೀಗೆಯೇ ನಿಮ್ಮ ಹೆಸರಿನಲ್ಲಿ ನಡೆಯುತ್ತಿರಬಹುದು. ಐಡಿ ನಿಷ್ಕ್ರಿಯವಾದಾಗ ಇವೆಲ್ಲ ಒಟ್ಟಿಗೆ ನಿಲ್ಲುವುದಿಲ್ಲ ಎಂಬುದೇ ತೊಂದರೆಯ ಮೂಲ. ಶೆಡ್ಯೂಲ್ಡ್ ಟಾಸ್ಕ್ ತನ್ನ ಮುಂದಿನ ಸರದಿಯಲ್ಲೇ ವಿಫಲವಾಗುತ್ತದೆ, ಅದು ಬೇಗ ಕಣ್ಣಿಗೆ ಬೀಳುತ್ತದೆ. ಆದರೆ ವಿಂಡೋಸ್ ಸರ್ವಿಸ್ ಆರಂಭವಾಗುವಾಗ ಒಮ್ಮೆ ಲಾಗಿನ್ ಆಗಿರುತ್ತದೆ. ಆಮೇಲೆ ಐಡಿಯನ್ನು ನಿಷ್ಕ್ರಿಯಗೊಳಿಸಿದರೂ, ಪಾಸ್‌ವರ್ಡ್ ಬದಲಿಸಿದರೂ ಅದು ಸಾಮಾನ್ಯವಾಗಿ ಓಡುತ್ತಲೇ ಇರುತ್ತದೆ. ಸರ್ವರ್ ರೀಸ್ಟಾರ್ಟ್ ಆದ ದಿನವಷ್ಟೇ ಅದು ಮೇಲೇಳುವುದಿಲ್ಲ.

ನಮ್ಮ ಕರಾವಳಿಯಲ್ಲಿ ಆ ದಿನ ಯಾವಾಗ ಬರುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಮೇ 31ಕ್ಕೆ ನೀವು ಹೊರಟಿರುತ್ತೀರಿ, ಜೂನ್ ಎರಡನೇ ವಾರದ ಮಳೆಗೆ ಕರೆಂಟು ಹೋಗುತ್ತದೆ, ಯುಪಿಎಸ್ ಬ್ಯಾಟರಿ ಇಳಿಯುತ್ತದೆ, ಸರ್ವರ್ ಆಫ್ ಆಗಿ ಆನ್ ಆಗುತ್ತದೆ, ಸರ್ವಿಸ್ ಏಳುವುದಿಲ್ಲ. ಎಲ್ಲರೂ ಸಿಡಿಲಿನಿಂದ ಸರ್ವರ್ ಹಾಳಾಯಿತೆಂದು ಹಾರ್ಡ್‌ವೇರ್ ನೋಡುವವರನ್ನು ಕರೆಸುತ್ತಾರೆ. ನಿಜವಾದ ಕಾರಣ ಎರಡು ವಾರ ಹಿಂದೆ ನಿಷ್ಕ್ರಿಯವಾದ ನಿಮ್ಮ ಐಡಿ. ಮಂಗಳೂರು, ಉಡುಪಿ ಭಾಗದ ಕಚೇರಿಗಳಲ್ಲಿ ಇಂಥ ಕರೆಗಳಿಗೆ ನಾನು ಹೋಗಿದ್ದೇನೆ. ಸರ್ವಿಸಸ್ ಪರದೆಯಲ್ಲಿ ಕೈಯಾರೆ ಚಾಲೂ ಮಾಡಲು ಹೋದಾಗ ದೋಷ ಸಂಖ್ಯೆ 1069 ಬಂದರೆ, ಇವೆಂಟ್ ವ್ಯೂವರ್‌ನ System ದಾಖಲೆಯಲ್ಲಿ 7038 ಕಂಡರೆ, ಸಮಸ್ಯೆ ಲಾಗಿನ್‌ನದು, ಯಂತ್ರದ್ದಲ್ಲ. ಈ ಒಂದು ವಾಕ್ಯವನ್ನು ಟಿಪ್ಪಣಿಯಲ್ಲಿ ಬರೆದಿಟ್ಟರೆ ನಿಮ್ಮ ನಂತರದವರಿಗೆ ಒಂದು ರಾತ್ರಿಯ ಪರದಾಟ ತಪ್ಪುತ್ತದೆ.

ಹುಡುಕುವುದು ಹೇಗೆ ಎಂದರೆ, ಪ್ರತಿಯೊಂದು ವಿಂಡೋಸ್ ಸರ್ವರ್‌ನಲ್ಲಿ ಪವರ್‌ಶೆಲ್ ಅನ್ನು ಅಡ್ಮಿನ್ ಅಧಿಕಾರದಲ್ಲಿ ತೆರೆದು ಈ ಎರಡು ಸಾಲುಗಳನ್ನು ಓಡಿಸಿ. `nimmahesaru` ಇರುವಲ್ಲಿ ನಿಮ್ಮ ಲಾಗಿನ್ ಹೆಸರು ಹಾಕಿ.

```
Get-CimInstance Win32_Service | Where-Object StartName -like "*nimmahesaru*" | Select-Object Name, StartName, State
Get-ScheduledTask | Where-Object { $_.Principal.UserId -like "*nimmahesaru*" } | Select-Object TaskPath, TaskName
```

ಅಡ್ಮಿನ್ ಅಧಿಕಾರವಿಲ್ಲದೆ ತೆರೆದರೆ ಎರಡನೆಯ ಸಾಲು ಕೆಲವು ಟಾಸ್ಕ್‌ಗಳನ್ನು ತೋರಿಸದೆ ಬಿಡಬಹುದು, ಪಟ್ಟಿ ಚಿಕ್ಕದಾಗಿ ಬಂದಿತೆಂದು ಸಮಾಧಾನಪಡಬೇಡಿ. ಉಬುಂಟು ಸರ್ವರ್‌ನಲ್ಲಿ `sudo crontab -l -u nimmahesaru` ನಿಮ್ಮ ಹೆಸರಿನ ಕ್ರಾನ್ ಕೆಲಸಗಳನ್ನು ತೋರಿಸುತ್ತದೆ. ಸಿಕ್ಕಿದ್ದನ್ನೆಲ್ಲ ಒಂದೊಂದು ಕೆಲಸಕ್ಕೆಂದೇ ಇರುವ ಸರ್ವಿಸ್ ಐಡಿಗಳಿಗೆ ವರ್ಗಾಯಿಸಿ. ಬ್ಯಾಕಪ್‌ಗೆ ಒಂದು, ಎಸ್‌ಎಂಎಸ್‌ಗೆ ಇನ್ನೊಂದು. ಅವುಗಳಿಗೆ ಆ ಕೆಲಸಕ್ಕೆ ಬೇಕಾದಷ್ಟೇ ಅನುಮತಿ ಕೊಡಿ. ಅವಸರದಲ್ಲಿ ಅವನ್ನೂ `Domain Admins` ಗುಂಪಿಗೆ ಸೇರಿಸಿದರೆ ನಿಮ್ಮ ಐಡಿಯ ಅಪಾಯವನ್ನು ಬೇರೆ ಹೆಸರಿನಲ್ಲಿ ಉಳಿಸಿ ಹೋದಂತಾಗುತ್ತದೆ.

ಕಮಾಂಡ್‌ಗಳಿಗೆ ಸಿಗದ ಜಾಗಗಳೂ ಇವೆ. ಸ್ಕ್ರಿಪ್ಟ್ ಫೈಲಿನ ಒಳಗೆ ಬರೆದಿಟ್ಟ ಪಾಸ್‌ವರ್ಡ್, ಸ್ಕ್ಯಾನ್ ಮಾಡಿದ್ದನ್ನು ಫೋಲ್ಡರ್‌ಗೆ ಕಳುಹಿಸಲು ಪ್ರಿಂಟರ್‌ನಲ್ಲಿ ಉಳಿಸಿರುವ ಲಾಗಿನ್, ಡೇಟಾಬೇಸ್ ಜಾಬ್‌ನ ಮಾಲೀಕರ ಹೆಸರು ಇವನ್ನು ಕಣ್ಣಾರೆ ನೋಡಬೇಕು. ಎಲ್ಲಕ್ಕಿಂತ ಹೆಚ್ಚಾಗಿ ನಿಮ್ಮ ಸ್ವಂತ ಮೊಬೈಲ್ ನಂಬರ್ ಎಲ್ಲೆಲ್ಲಿ ನೋಂದಾಯಿತವಾಗಿದೆ ನೋಡಿ. ವೆಬ್‌ಸೈಟ್ ಹೆಸರು ಖರೀದಿಸಿದ ಕಂಪನಿ, ಎಸ್‌ಎಂಎಸ್ ಸೇವೆ, ಗೂಗಲ್ ವರ್ಕ್‌ಸ್ಪೇಸ್‌ನ ಸೂಪರ್ ಅಡ್ಮಿನ್ ಐಡಿ ಇವುಗಳ ಓಟಿಪಿ ನಿಮ್ಮ ಫೋನಿಗೆ ಬರುತ್ತಿದ್ದರೆ, ಪಾಸ್‌ವರ್ಡ್ ಕೈಯಲ್ಲಿದ್ದರೂ ಹೊಸಬರು ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ಸೊಸೈಟಿಯ ಹೆಸರಿನಲ್ಲಿ ಒಂದು ಸಿಮ್ ಮತ್ತು ವ್ಯಕ್ತಿಯ ಹೆಸರಿಲ್ಲದ ಒಂದು ಇಮೇಲ್ ವಿಳಾಸ ಮಾಡಿಸಿ, ನಾಲ್ಕು ದಿನಗಳ ಅವಧಿಯಲ್ಲಿ ಇಬ್ಬರೂ ಒಟ್ಟಿಗೆ ಕುಳಿತು ಒಂದೊಂದಾಗಿ ಬದಲಿಸಿ. ಹೊಸಬರು ತಾವೇ ಲಾಗಿನ್ ಆಗಿ ಓಟಿಪಿ ಪಡೆದ ಮೇಲೆಯೇ ಟಿಪ್ಪಣಿಯಲ್ಲಿ ಅದರ ಎದುರು ದಿನಾಂಕ ಹಾಕಿ.

ಇಷ್ಟಾದ ಮೇಲೆ ಒಂದು ಪೂರ್ವಪರೀಕ್ಷೆ ಅಗತ್ಯ. ಹೊರಡುವ ಮುಂಚಿನ ವಾರ, ವ್ಯವಹಾರ ಮುಗಿದ ಶನಿವಾರ ಸಂಜೆ, ಜನರಲ್ ಮ್ಯಾನೇಜರ್ ಅವರಿಂದ ಲಿಖಿತ ಒಪ್ಪಿಗೆ ಪಡೆದು, ಅದಕ್ಕೆಂದೇ ಮಾಡಿದ ಇನ್ನೊಂದು ಅಡ್ಮಿನ್ ಐಡಿಯಿಂದ ನಿಮ್ಮ ಐಡಿಯನ್ನು ನಿಷ್ಕ್ರಿಯಗೊಳಿಸಿ. ಆ ಇನ್ನೊಂದು ಐಡಿಯಿಂದ ಲಾಗಿನ್ ಆಗುತ್ತದೆಂದು ಮೊದಲೇ ಖಚಿತಪಡಿಸಿಕೊಂಡಿರಬೇಕು. ಆಮೇಲೆ ಬ್ಯಾಕಪ್ ಇದೆಯೆಂದು ನೋಡಿಕೊಂಡು ಸರ್ವರ್‌ಗಳನ್ನು ಒಂದೊಂದಾಗಿ ರೀಸ್ಟಾರ್ಟ್ ಮಾಡಿ. ರೀಸ್ಟಾರ್ಟ್ ಮಾಡದ ಪರೀಕ್ಷೆಯಿಂದ ಸರ್ವಿಸ್‌ಗಳ ಬಗ್ಗೆ ಏನೂ ತಿಳಿಯುವುದಿಲ್ಲ, ಕಾರಣವನ್ನು ಮೇಲೆ ಹೇಳಿದ್ದೇನೆ. ಭಾನುವಾರ ಬೆಳಗ್ಗೆ ಟಾಸ್ಕ್ ಶೆಡ್ಯೂಲರ್‌ನಲ್ಲಿ `Last Run Result` ನೋಡಿ. ರಾತ್ರಿ ಓಡಬೇಕಿದ್ದ ಬ್ಯಾಕಪ್ ಟಾಸ್ಕ್‌ನ ಎದುರು `0x0` ಇರಬೇಕು. ಬಿಟ್ಟುಹೋದದ್ದು ಸಿಕ್ಕಿದರೆ ನೀವಿನ್ನೂ ಇದ್ದೀರಿ, ಐಡಿಯನ್ನು ಮತ್ತೆ ಸಕ್ರಿಯಗೊಳಿಸಿ ಸರಿಪಡಿಸಬಹುದು.

ಈ ಪರೀಕ್ಷೆಗೂ ಒಂದು ಮಿತಿ ಇದೆ. ತಿಂಗಳಿಗೊಮ್ಮೆ ಓಡುವ ಬಡ್ಡಿ ವರದಿ, ಮಾರ್ಚ್ 31ರ ವರ್ಷಾಂತ್ಯಕ್ಕೆ ಮಾತ್ರ ಓಡುವ ಟಾಸ್ಕ್ ಒಂದು ವಾರದೊಳಗೆ ತಮ್ಮ ಸರದಿಗೆ ಬರುವುದಿಲ್ಲ. ಅಂಥವನ್ನು ಟಿಪ್ಪಣಿಯಲ್ಲಿ ಪ್ರತ್ಯೇಕವಾಗಿ, ಮುಂದಿನ ಬಾರಿ ಓಡಬೇಕಾದ ದಿನಾಂಕದ ಸಮೇತ ಬರೆಯಿರಿ.

ಅಡ್ಮಿನ್ ಐಡಿಗಳ ಪಟ್ಟಿ

ಬಹಳ ಮಂದಿ `Domain Admins` ಗುಂಪನ್ನು ತೆರೆದು ಅಲ್ಲಿ ಕಾಣುವ ಹೆಸರುಗಳನ್ನು ಬರೆದು ಮುಗಿಸುತ್ತಾರೆ. ಅಲ್ಲಿ ಒಂದು ಗುಂಪಿನೊಳಗೆ ಇನ್ನೊಂದು ಗುಂಪು ಇರಬಹುದು. ಕೊನೆಯವರೆಗೂ ಇಳಿದು ನೋಡಲು ಈ ಸಾಲು ಸಾಕು.

```
Get-ADGroupMember -Identity "Domain Admins" -Recursive | Select-Object Name, SamAccountName
```

ಇದು ಕೊನೆಯ ಸದಸ್ಯರನ್ನಷ್ಟೇ ತೋರಿಸುತ್ತದೆ, ಅವರು ಯಾವ ಗುಂಪಿನ ಮೂಲಕ ಬಂದರೆಂಬುದನ್ನು ತೋರಿಸುವುದಿಲ್ಲ. ಆದ್ದರಿಂದ `-Recursive` ತೆಗೆದು ಇನ್ನೊಮ್ಮೆ ಓಡಿಸಿ, ಎರಡೂ ಪಟ್ಟಿಗಳನ್ನು ಟಿಪ್ಪಣಿಗೆ ಲಗತ್ತಿಸಿ. `Enterprise Admins`, `Administrators` ಮತ್ತು `Backup Operators` ಗುಂಪುಗಳಿಗೂ ಹೀಗೆಯೇ ಮಾಡಿ. ಕೊನೆಯದನ್ನು ಜನ ನಿರುಪದ್ರವಿ ಎಂದುಕೊಳ್ಳುತ್ತಾರೆ. ಡೊಮೇನ್ ಕಂಟ್ರೋಲರ್‌ನ ಬ್ಯಾಕಪ್ ತೆಗೆಯಬಲ್ಲವರು ಎಲ್ಲರ ಪಾಸ್‌ವರ್ಡ್ ಹ್ಯಾಶ್‌ಗಳಿರುವ ಡೇಟಾಬೇಸನ್ನೇ ಒಯ್ಯಬಲ್ಲರು, ಆದ್ದರಿಂದ ಅವರನ್ನೂ ಅಡ್ಮಿನ್‌ಗಳ ಸಾಲಿನಲ್ಲೇ ಬರೆಯಿರಿ.

ಯಾವ ಗುಂಪಿನ ಪಟ್ಟಿಯಲ್ಲೂ ಕಾಣದ ಅಧಿಕಾರ ಒಂದಿದೆ, ಅದು ನೀವು ಶಾಖೆಗಳಿಗೆ ಹಂಚಿಕೊಟ್ಟದ್ದು. ಕಾರ್ಕಳ ಶಾಖೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಸಿಬ್ಬಂದಿಗೆ ಅಲ್ಲಿನವರ ಪಾಸ್‌ವರ್ಡ್ ರೀಸೆಟ್ ಮಾಡುವ ಅಧಿಕಾರವನ್ನು ನೀವು ಕೊಟ್ಟಿದ್ದೀರಿ ಎಂದಿಟ್ಟುಕೊಳ್ಳಿ. ಅದು ಆ ಶಾಖೆಯ ಆರ್ಗನೈಸೇಷನಲ್ ಯೂನಿಟ್‌ನ `Security` ಟ್ಯಾಬ್‌ನಲ್ಲಿ ಮಾತ್ರ ಕಾಣುತ್ತದೆ, ಅದೂ `View` ಮೆನುವಿನಲ್ಲಿ `Advanced Features` ಆರಿಸಿದ ಮೇಲೆ. ಅದೇ ಯೂನಿಟ್‌ನೊಳಗೆ ಯಾವುದಾದರೂ ಸರ್ವಿಸ್ ಐಡಿಯನ್ನೂ ಇಟ್ಟಿದ್ದರೆ, ಆ ಸಿಬ್ಬಂದಿ ಅದರ ಪಾಸ್‌ವರ್ಡನ್ನೂ ರೀಸೆಟ್ ಮಾಡಬಲ್ಲರು. ತಿಳಿಯದೆ ಮಾಡಿದರೆ ಬ್ಯಾಕಪ್ ನಿಲ್ಲುತ್ತದೆ, ತಿಳಿದು ಮಾಡಿದರೆ ಆ ಐಡಿಯ ಅಧಿಕಾರವೆಲ್ಲ ಅವರದಾಗುತ್ತದೆ. ಸರ್ವಿಸ್ ಐಡಿಗಳನ್ನು ಬೇರೆ ಯೂನಿಟ್‌ಗೆ ಸ್ಥಳಾಂತರಿಸಿ, ಹಂಚಿಕೊಟ್ಟ ಪ್ರತಿಯೊಂದು ಅಧಿಕಾರವನ್ನು ಪಟ್ಟಿಯಲ್ಲಿ ನಮೂದಿಸಿ.

ಪ್ರತಿ ಐಡಿಯ ಎದುರು ಒಂದೊಂದು ಪೂರ್ಣ ವಾಕ್ಯ ಬರೆಯುವುದನ್ನು ನಾನು ಒತ್ತಿ ಹೇಳುತ್ತೇನೆ. “ಈ ಐಡಿ ಕೋರ್ ಬ್ಯಾಂಕಿಂಗ್ ತಂತ್ರಾಂಶ ಕಂಪನಿಯವರದು, ರಿಮೋಟ್ ಸಹಾಯಕ್ಕಾಗಿ ಮಾತ್ರ, ಸಾಮಾನ್ಯವಾಗಿ ನಿಷ್ಕ್ರಿಯವಾಗಿರುತ್ತದೆ, ಅವರು ದೂರು ಸಂಖ್ಯೆ ಕೊಟ್ಟಾಗ ಸಕ್ರಿಯಗೊಳಿಸಿ ಅದೇ ದಿನ ಮುಚ್ಚಬೇಕು, ಒಪ್ಪಿಗೆ ಕೊಟ್ಟವರು ಜನರಲ್ ಮ್ಯಾನೇಜರ್” ಎಂದು ಬರೆದರೆ ಹೊಸಬರಿಗೆ ಏನು ಮಾಡಬೇಕೆಂದು ತಿಳಿಯುತ್ತದೆ. “ವೆಂಡರ್ ಐಡಿ” ಎಂದಷ್ಟೇ ಬರೆದರೆ, ಅದನ್ನು ಮುಟ್ಟಲು ಹೆದರಿ ವರ್ಷಗಟ್ಟಲೆ ತೆರೆದೇ ಇಡುತ್ತಾರೆ.

ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಸೂಪರ್ ಅಡ್ಮಿನ್ ನೀವೊಬ್ಬರೇ ಆಗಿದ್ದರೆ ಇಂದೇ ಇನ್ನೊಂದು ಮಾಡಿ. ಉಬುಂಟು ಸರ್ವರ್ ಕುರಿತು ಒಂದು ಎಚ್ಚರಿಕೆ: `passwd -l` ಕೊಟ್ಟರೆ ಪಾಸ್‌ವರ್ಡ್ ಮಾತ್ರ ಲಾಕ್ ಆಗುತ್ತದೆ, ನಿಮ್ಮ ಲ್ಯಾಪ್‌ಟಾಪ್‌ನಲ್ಲಿರುವ ಎಸ್‌ಎಸ್‌ಎಚ್ ಕೀಲಿಯಿಂದ ಲಾಗಿನ್ ಆಗುತ್ತಲೇ ಇರುತ್ತದೆ. `sudo usermod --expiredate 1 nimmahesaru` ಎಂಬುದು ಐಡಿಯನ್ನೇ ಮುಚ್ಚುತ್ತದೆ. ಆದರೆ ಆಗ ಆ ಹೆಸರಿನ ಕ್ರಾನ್ ಕೆಲಸಗಳೂ ನಿಲ್ಲಬಹುದು, ಹಾಗಾಗಿ ಅವನ್ನು ವರ್ಗಾಯಿಸಿದ ನಂತರವೇ ಇದನ್ನು ಕೊಡಬೇಕು. `/root/.ssh/authorized_keys` ಫೈಲಿನಲ್ಲಿಯೂ ನಿಮ್ಮ ಕೀಲಿ ಇರಬಹುದು, ಅದನ್ನು ಹೊಸಬರ ಎದುರಿನಲ್ಲೇ ತೆಗೆಯಿರಿ.

ಕೋರ್ ಬ್ಯಾಂಕಿಂಗ್‌ನ ರೋಲ್‌ಗಳು

ಡೊಮೇನ್‌ನಲ್ಲಿ ಯಾರು ಏನೆಂಬುದಕ್ಕೂ ಕೋರ್ ಬ್ಯಾಂಕಿಂಗ್ ತಂತ್ರಾಂಶದೊಳಗೆ ಯಾರಿಗೆ ಯಾವ ರೋಲ್ ಇದೆ ಎಂಬುದಕ್ಕೂ ಸಾಮಾನ್ಯವಾಗಿ ಸಂಬಂಧವಿರುವುದಿಲ್ಲ. ಅಲ್ಲಿ ಬೇರೆಯೇ ಪಟ್ಟಿ. ಹಣದ ವ್ಯವಹಾರ ನಡೆಯುವುದು ಅಲ್ಲಿ, ಆದ್ದರಿಂದ ಅದರ ಯೂಸರ್-ರೋಲ್ ವರದಿಯನ್ನು ಶಾಖಾವಾರು ಮುದ್ರಿಸಿ, ಪ್ರತಿ ಶಾಖಾ ವ್ಯವಸ್ಥಾಪಕರಿಂದ ಓದಿಸಿ ಸಹಿ ಪಡೆಯಿರಿ. ಅವರಿಗೆ ತಮ್ಮ ಕೌಂಟರ್‌ನಲ್ಲಿ ಯಾರಿದ್ದಾರೆಂದು ಗೊತ್ತು, ನಿಮಗೆ ಪರದೆಯ ಹೆಸರುಗಳು ಮಾತ್ರ ಗೊತ್ತು.

ಇಲ್ಲಿ ಸಿಗುವ ದೋಷ ಹೆಚ್ಚುಕಡಿಮೆ ಒಂದೇ ಬಗೆಯದು. ಕಾಪು ಶಾಖೆಯಲ್ಲಿ ಎಂಟ್ರಿ ಮಾಡುತ್ತಿದ್ದ ಗುಮಾಸ್ತರು ಬ್ರಹ್ಮಾವರಕ್ಕೆ ವರ್ಗವಾಗುತ್ತಾರೆ, ಹೊಸ ಶಾಖೆಯ ರೋಲ್ ಸೇರುತ್ತದೆ, ಹಳೆಯದನ್ನು ಯಾರೂ ತೆಗೆಯುವುದಿಲ್ಲ. ಆಮೇಲೆ ಅವರಿಗೆ ಬಡ್ತಿಯಾಗಿ ಪಾಸಿಂಗ್ ರೋಲ್ ಬರುತ್ತದೆ, ಎಂಟ್ರಿ ರೋಲ್ ಹಾಗೆಯೇ ಉಳಿಯುತ್ತದೆ. ಈಗ ಒಬ್ಬರೇ ವೋಚರ್ ಎಂಟ್ರಿ ಮಾಡಿ ಒಬ್ಬರೇ ಪಾಸ್ ಮಾಡಲು ದಾರಿ ತೆರೆದಿದೆ. ಕೆಲವು ತಂತ್ರಾಂಶಗಳು ತಾನು ಮಾಡಿದ ಎಂಟ್ರಿಯನ್ನು ತಾನೇ ಪಾಸ್ ಮಾಡದಂತೆ ತಡೆಯುತ್ತವೆ. ನಿಮ್ಮದು ತಡೆಯುತ್ತದೆಯೇ ಎಂಬುದನ್ನು ಟೆಸ್ಟ್ ವ್ಯವಸ್ಥೆಯಲ್ಲಿ ಪರೀಕ್ಷಿಸಿ ಉತ್ತರವನ್ನು ಟಿಪ್ಪಣಿಯಲ್ಲಿ ಬರೆಯಿರಿ. ಇಂಥವರ ಹೆಸರು ಸಿಕ್ಕಿದ ಕೂಡಲೇ ನೀವೇ ರೋಲ್ ಕಿತ್ತುಹಾಕಬೇಡಿ. ಶಾಖೆಯಲ್ಲಿ ಸಿಬ್ಬಂದಿ ಕಡಿಮೆಯಿದ್ದು ಜನರಲ್ ಮ್ಯಾನೇಜರ್ ಒಪ್ಪಿಗೆಯಿಂದಲೇ ಎರಡೂ ಕೊಟ್ಟಿರಲೂಬಹುದು. ಲಿಖಿತವಾಗಿ ಕೇಳಿ, ಬಂದ ಉತ್ತರವನ್ನು ಸೇರಿಸಿ, ಉತ್ತರ ಬಾರದಿದ್ದರೆ “ಕೇಳಲಾಗಿದೆ, ಉತ್ತರ ಬಂದಿಲ್ಲ” ಎಂದು ದಿನಾಂಕದ ಸಮೇತ ಬರೆಯಿರಿ.

ಬಾಕಿ ಕೋರಿಕೆಗಳು

ಹೊರಡುವ ಮುನ್ನ ಎಲ್ಲವನ್ನೂ ಮುಗಿಸಿಹೋಗುವುದು ಸೌಜನ್ಯ ಎಂದು ನಿಮಗೆ ಅನಿಸುತ್ತಿರುವುದು ಸಹಜ. ಆದರೆ ಕೊನೆಯ ದಿನ ಕೊಟ್ಟ ಆಕ್ಸೆಸ್‌ಗೆ ಒಂದು ತೊಂದರೆ ಇದೆ: ಅದು ಸರಿಯಾಗಿ ಕೂತಿದೆಯೇ, ಅತಿಯಾಯಿತೇ ಎಂದು ನೋಡಲು ಕೊಟ್ಟವರು ಮರುದಿನ ಇರುವುದಿಲ್ಲ. ಆಮೇಲೆ ಏನಾದರೂ ಹೆಚ್ಚುಕಡಿಮೆಯಾದರೆ ದಾಖಲೆಯಲ್ಲಿ ಕಾಣುವುದು, ಕೆಲಸ ಬಿಟ್ಟ ದಿನ ನಿಮ್ಮ ಐಡಿಯಿಂದ ಅಧಿಕಾರ ಹಂಚಲಾಗಿದೆ ಎಂಬುದು ಮಾತ್ರ. ಪೂರ್ವಪರೀಕ್ಷೆಯ ವಾರದಿಂದ ಆಚೆಗೆ, ಅಂದರೆ ಹೊಸಬರು ಸೇರುವ ದಿನದಿಂದ, ರೋಲ್ ಬದಲಾವಣೆಗಳನ್ನೆಲ್ಲ ಅವರ ಕೈಯಿಂದಲೇ ಮಾಡಿಸಿ, ನೀವು ಪಕ್ಕದಲ್ಲಿ ಕುಳಿತಿರಿ.

ಯಾವುದನ್ನು ಹೇಗೆ ಬರೆಯಬೇಕೆಂದು ನಾಲ್ಕು ಬಗೆಯ ಕೋರಿಕೆಗಳನ್ನು ಇಟ್ಟುಕೊಂಡು ನೋಡೋಣ. ಬ್ರಹ್ಮಾವರಕ್ಕೆ ಹೊಸದಾಗಿ ಸೇರಿದ ಗುಮಾಸ್ತರಿಗೆ ಎಂಟ್ರಿ ರೋಲ್ ಬೇಕು, ಶಾಖಾ ವ್ಯವಸ್ಥಾಪಕರ ಇಮೇಲ್ ಇದೆ, ಐಡಿ ಇನ್ನೂ ಮಾಡಿಲ್ಲ. ಇದು ಸುಲಭ, ಹೊಸಬರಿಗೆ ಕೈಪಳಗಿಸಲು ಇದನ್ನೇ ಮೊದಲು ಕೊಡಿ.

ಎರಡನೆಯದು ಲೆಕ್ಕಪರಿಶೋಧಕರಿಗೆ ಎಲ್ಲ ಶಾಖೆಗಳ ಲೆಕ್ಕ ನೋಡುವ ಐಡಿ ಬೇಕೆಂದು ಫೋನಿನಲ್ಲಿ ಬಂದ ಮಾತು. ಇದು ನ್ಯಾಯವಾದ ಕೋರಿಕೆ, ಆದರೆ ಪತ್ರವಿಲ್ಲ, ಯಾವ ದಿನಾಂಕದವರೆಗೆ ಎಂಬುದಿಲ್ಲ. “ಓದುವ ಅನುಮತಿ ಮಾತ್ರ, ಪರಿಶೋಧನೆ ಮುಗಿಯುವ ದಿನಾಂಕ ತಿಳಿಸಿ ಪತ್ರ ಬಂದ ಮೇಲೆ ಕೊಡಬೇಕು, ಪತ್ರ ಕೇಳಲಾಗಿದೆ” ಎಂದು ಬರೆಯಿರಿ.

ಮೂರನೆಯದು ಬಹುತೇಕ ಟಿಪ್ಪಣಿಗಳಲ್ಲಿ ಇರುವುದೇ ಇಲ್ಲ, ಏಕೆಂದರೆ ಅದನ್ನು ಯಾರೂ ಕೋರಿಕೆ ಎಂದು ಭಾವಿಸುವುದಿಲ್ಲ. ಕುಂದಾಪುರದ ವ್ಯವಸ್ಥಾಪಕರು ರಜೆಯಲ್ಲಿದ್ದಾಗ ಅವರ ಕೆಳಗಿನವರಿಗೆ ಹದಿನೈದು ದಿನಗಳ ಮಟ್ಟಿಗೆ ಪಾಸಿಂಗ್ ರೋಲ್ ಕೊಟ್ಟಿದ್ದೀರಿ. ವ್ಯವಸ್ಥಾಪಕರು ಜೂನ್ ಮೊದಲ ವಾರ ಮರಳುತ್ತಾರೆ, ಆಗ ನೀವಿರುವುದಿಲ್ಲ. ಕೊಟ್ಟಾಗಿದೆ ಎಂಬ ಕಾರಣಕ್ಕೆ ಇದು ಬಾಕಿ ಪಟ್ಟಿಯಿಂದ ಹೊರಗೆ ಉಳಿಯುತ್ತದೆ, ಹಿಂದಕ್ಕೆ ಪಡೆಯುವುದು ಮಾತ್ರ ನಿಮ್ಮ ನೆನಪಿನಲ್ಲಷ್ಟೇ ಇರುತ್ತದೆ. ತಾತ್ಕಾಲಿಕವಾಗಿ ಕೊಟ್ಟ ಪ್ರತಿಯೊಂದು ಆಕ್ಸೆಸ್ಸೂ ಬಾಕಿ ಕೆಲಸವೇ. ತೆಗೆಯಬೇಕಾದ ದಿನಾಂಕವನ್ನು ಬರೆದು, ತಂತ್ರಾಂಶದಲ್ಲಿ ರೋಲ್‌ಗೆ ಅಂತಿಮ ದಿನ ಹಾಕುವ ಸೌಲಭ್ಯವಿದ್ದರೆ ಈಗಲೇ ಹಾಕಿಬಿಡಿ. ಡೊಮೇನ್ ಐಡಿಗಳಲ್ಲಿ `Account expires` ಇದಕ್ಕೆಂದೇ ಇದೆ.

ನಾಲ್ಕನೆಯದು, ನಿಮ್ಮ ಪತ್ರ ಓದಿದರೆ ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ಇಂಥದ್ದೇ ಇರಬೇಕು: ಮೇಲಿನವರೊಬ್ಬರಿಗೆ ಎಲ್ಲ ಖಾತೆಗಳನ್ನು ನೋಡುವ ಅನುಮತಿ ಕೊಡಿ ಎಂದು ಯಾರೋ ಬಾಯಿಮಾತಿನಲ್ಲಿ ಹೇಳಿರುವುದು. ಇದನ್ನು ಕೊಡಲೂಬೇಡಿ, ಬಿಟ್ಟೂಬಿಡಬೇಡಿ. “ಇಂಥ ದಿನ, ಇಂಥವರು, ಇಂಥವರಿಗಾಗಿ ಮೌಖಿಕವಾಗಿ ಕೇಳಿದ್ದಾರೆ, ಲಿಖಿತ ಒಪ್ಪಿಗೆ ಇಲ್ಲ, ಕೊಟ್ಟಿಲ್ಲ” ಎಂದು ಅಭಿಪ್ರಾಯ ಸೇರಿಸದೆ ನಮೂದಿಸಿ, ಹಾಗೆ ನಮೂದಿಸಿರುವುದನ್ನು ಕೇಳಿದವರಿಗೇ ಒಂದು ಚಿಕ್ಕ ಇಮೇಲ್‌ನಲ್ಲಿ ತಿಳಿಸಿ. ಅದು ನಿಜವಾಗಿ ಬೇಕಿದ್ದರೆ ಅವರು ಲಿಖಿತವಾಗಿ ಕೇಳುತ್ತಾರೆ. ಬರೆಯದೆ ಹೋದರೆ ಆಗುವುದೇ ಬೇರೆ. ಹೊಸಬರ ಮೊದಲ ದಿನವೇ “ಹಿಂದಿನವರು ಒಪ್ಪಿದ್ದರು, ಮಾಡುವುದೊಂದೇ ಬಾಕಿ” ಎಂಬ ಮಾತು ಬರುತ್ತದೆ, ಅದನ್ನು ನಿರಾಕರಿಸಲು ಅವರ ಬಳಿ ಏನೂ ಇರುವುದಿಲ್ಲ.

ಪಾಸ್‌ವರ್ಡ್ ಕೊಡುವುದು ಹೇಗೆ

ಎಕ್ಸೆಲ್ ಹಾಳೆಯ ಬಗ್ಗೆ ಜನರಲ್ ಮ್ಯಾನೇಜರ್ ಜೊತೆ ವಾದ ಮಾಡಬೇಕಾಗಿಲ್ಲ. ಅವರ ಕಾಳಜಿ ನ್ಯಾಯವಾದದ್ದೇ, ನೀವು ಹೋದ ಮೇಲೆ ಸೊಸೈಟಿ ಕೈಕಟ್ಟಿ ಕೂರುವಂತಾಗಬಾರದು. ಆದರೆ ಆ ಇಮೇಲ್ ನಿಮ್ಮ ಕಳುಹಿಸಿದ ಪೆಟ್ಟಿಗೆಯಲ್ಲಿ, ಅವರ ಫೋನಿನಲ್ಲಿ, ಅವರು ಫಾರ್ವರ್ಡ್ ಮಾಡಿದ ಪ್ರತಿ ಕಡೆಯಲ್ಲಿ ಉಳಿಯುತ್ತದೆ, ಮತ್ತು ಅದರಲ್ಲಿ ಮೇಲ್ ವ್ಯವಸ್ಥೆಯ ಪಾಸ್‌ವರ್ಡೂ ಇರುತ್ತದೆ. ನಿಮ್ಮ ಸೊಸೈಟಿಯಲ್ಲೇ ಇದಕ್ಕೆ ಒಳ್ಳೆಯ ಮಾದರಿ ಇದೆ. ಸ್ಟ್ರಾಂಗ್‌ರೂಮಿನ ಕೀಲಿ ಇಬ್ಬರ ವಶದಲ್ಲಿರುತ್ತದೆ, ಕೈ ಬದಲಾದಾಗ ರಿಜಿಸ್ಟರಿನಲ್ಲಿ ಸಹಿಯಾಗುತ್ತದೆ. ತುರ್ತು ಅಡ್ಮಿನ್ ಐಡಿಯನ್ನೂ ಹಾಗೆಯೇ ನಡೆಸಿ ಎಂದರೆ ಅವರು ತಕ್ಷಣ ಒಪ್ಪುತ್ತಾರೆ.

ದಿನನಿತ್ಯದ ಪಾಸ್‌ವರ್ಡ್‌ಗಳನ್ನು ಕೀಪಾಸ್‌ನಂಥ ಪಾಸ್‌ವರ್ಡ್ ತಂತ್ರಾಂಶದ ಫೈಲಿನಲ್ಲಿ ಇಟ್ಟು, ಅದರ ಮುಖ್ಯ ಪಾಸ್‌ವರ್ಡನ್ನು ಹೊಸಬರಿಗೆ ಎದುರೆದುರೇ ಕೊಡಿ. ತುರ್ತು ಐಡಿಯ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು, ಲಕೋಟೆಗೆ ಹಾಕಿ, ಅಂಟಿಸಿದ ಜಾಗದ ಮೇಲೆ ಇಬ್ಬರ ಸಹಿಯೊಂದಿಗೆ ಸ್ಟ್ರಾಂಗ್‌ರೂಮಿನಲ್ಲಿಡಿ. ಟಿಪ್ಪಣಿಯಲ್ಲಿ ಪಾಸ್‌ವರ್ಡ್ ಬರೆಯಬೇಡಿ, ಅದು ಎಲ್ಲಿದೆ ಎಂದು ಬರೆಯಿರಿ. ಮೇ 31ಕ್ಕೆ ಮುಂಚೆ ಹೊಸಬರು ಬರುವುದೇ ತಪ್ಪಿದರೂ ಆ ಲಕೋಟೆಯಿಂದ ಸೊಸೈಟಿಯ ಕೆಲಸ ಸಾಗುತ್ತದೆ.

ಬ್ಯಾಕಪ್ ಎನ್‌ಕ್ರಿಪ್ಷನ್‌ನ ಕೀಲಿಗೆ ವಿಶೇಷ ಗಮನ ಬೇಕು. ಉಳಿದ ಪಾಸ್‌ವರ್ಡ್ ಕಳೆದರೆ ಹೇಗಾದರೂ ರೀಸೆಟ್ ಮಾಡಬಹುದು, ಈ ಕೀಲಿ ಕಳೆದರೆ ಬ್ಯಾಕಪ್ ತೆರೆಯುವುದಿಲ್ಲ. ಹೊಸಬರು ಅದನ್ನು ಬದಲಿಸಿದರೂ ಹಳೆಯ ಬ್ಯಾಕಪ್‌ಗಳು ಅನೇಕ ತಂತ್ರಾಂಶಗಳಲ್ಲಿ ಹಳೆಯ ಕೀಲಿಗೇ ತೆರೆಯುತ್ತವೆ. ಆದ್ದರಿಂದ ಹಳೆಯ ಬ್ಯಾಕಪ್ ಇರುವವರೆಗೆ ಹಳೆಯ ಕೀಲಿಯನ್ನೂ, ಅದು ಯಾವ ದಿನಾಂಕದವರೆಗಿನದು ಎಂಬ ಬರಹದೊಂದಿಗೆ, ಅದೇ ಲಕೋಟೆಯಲ್ಲಿಡಿ. ಒಂದು ಫೈಲನ್ನಾದರೂ ಹೊಸಬರ ಕೈಯಿಂದ ರೀಸ್ಟೋರ್ ಮಾಡಿಸಿ ನೋಡಿ.

ಕೊನೆಯ ದಿನ ಮತ್ತು ಆಮೇಲೆ

ನಿಮ್ಮ ಐಡಿಯ ವಿಷಯದಲ್ಲಿ ಮೂರು ದಾರಿಗಳಿವೆ. ಡಿಲೀಟ್ ಮಾಡಿದರೆ ಅದರ ಎಸ್‌ಐಡಿ ಎಂಬ ಆಂತರಿಕ ಗುರುತೂ ಹೋಗುತ್ತದೆ. ಅದೇ ಹೆಸರಿನಲ್ಲಿ ಮತ್ತೆ ಐಡಿ ಮಾಡಿದರೆ ವಿಂಡೋಸ್‌ಗೆ ಅದು ಬೇರೆಯೇ ವ್ಯಕ್ತಿ, ಹಳೆಯ ಫೈಲ್ ಅನುಮತಿಗಳು ಅದಕ್ಕೆ ಅನ್ವಯಿಸುವುದಿಲ್ಲ. ಆಕ್ಟಿವ್ ಡೈರೆಕ್ಟರಿಯ ರೀಸೈಕಲ್ ಬಿನ್ ಅನ್ನು ಮೊದಲೇ ಸಕ್ರಿಯಗೊಳಿಸಿದ್ದರೆ ಮಾತ್ರ ಪೂರ್ತಿಯಾಗಿ ಹಿಂದಕ್ಕೆ ತರಬಹುದು, ಅದು ತಾನಾಗಿ ಚಾಲೂ ಇರುವುದಿಲ್ಲ. ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಡಿಲೀಟ್ ಮಾಡಿದ ಯೂಸರನ್ನು 20 ದಿನಗಳೊಳಗೆ ಮಾತ್ರ ಮರಳಿ ಪಡೆಯಬಹುದು. ನಿಮ್ಮ ಡ್ರೈವ್‌ನಲ್ಲಿರುವ ಕಚೇರಿಯ ಫೈಲುಗಳ ಮಾಲೀಕತ್ವವನ್ನು ಮೊದಲೇ ವರ್ಗಾಯಿಸಬೇಕು.

ಎರಡನೆಯ ದಾರಿ, ಸಹಾಯಕ್ಕಿರಲಿ ಎಂದು ಕೆಲವು ತಿಂಗಳು ತೆರೆದೇ ಇಡುವುದು. ಇದು ನಿಮಗೇ ಹೆಚ್ಚು ಅಪಾಯಕಾರಿ, ಆ ಐಡಿಯನ್ನು ಬೇರೆ ಯಾರು ಬಳಸಿದರೂ ದಾಖಲೆಯಲ್ಲಿ ನಿಮ್ಮ ಹೆಸರು ಬೀಳುತ್ತದೆ.

ಮೂರನೆಯದನ್ನೇ ನಾನು ಸೂಚಿಸುತ್ತೇನೆ. ಐಡಿ ಯಾವ ಗುಂಪುಗಳಲ್ಲಿದೆ ಎಂಬ ಪಟ್ಟಿಯನ್ನು ಉಳಿಸಿಕೊಂಡು, ಅಡ್ಮಿನ್ ಗುಂಪುಗಳಿಂದ ತೆಗೆದು, ಮೇ 31ರ ಸಂಜೆ ಹೊಸಬರ ಕೈಯಿಂದ ನಿಷ್ಕ್ರಿಯಗೊಳಿಸಿ. ಮುಂದಿನ ವರ್ಷಾಂತ್ಯ ದಾಟುವವರೆಗೆ ಅದು ಹಾಗೆಯೇ ಇರಲಿ, ಆಮೇಲೆ ಡಿಲೀಟ್ ಮಾಡಬಹುದು. ಟಿಪ್ಪಣಿಯ ತಲೆಯಲ್ಲಿ “ಮೇ 31, ಸಂಜೆ 6 ಗಂಟೆಗೆ ಇದ್ದ ಸ್ಥಿತಿ” ಎಂದು ಬರೆದು, ನೀವು, ಹೊಸಬರು, ಜನರಲ್ ಮ್ಯಾನೇಜರ್ ಮೂವರೂ ಸಹಿ ಮಾಡಿ ಒಂದೊಂದು ಪ್ರತಿ ಇಟ್ಟುಕೊಳ್ಳಿ. ನಿಮ್ಮ ಪ್ರತಿಯಲ್ಲಿ ಐಡಿಗಳ ವಿವರವಿರುವ ಲಗತ್ತುಗಳು ಬೇಡ, ಸ್ವೀಕೃತಿಯ ಪುಟ ಸಾಕು.

ಬಿಟ್ಟ ಮೇಲೂ ಫೋನ್ ಬರುತ್ತದೆ, ನಮ್ಮೂರಿನಲ್ಲಿ ಬಾರದೆ ಇರುವುದಿಲ್ಲ. ಕೇಳಿದ್ದಕ್ಕೆ ಬಾಯಲ್ಲಿ ಉತ್ತರ ಹೇಳಿ. ಆದರೆ “ನೀವೇ ಒಮ್ಮೆ ಲಾಗಿನ್ ಆಗಿ ನೋಡಿಬಿಡಿ” ಎಂದು ಯಾರಾದರೂ ಹೊಸ ಪಾಸ್‌ವರ್ಡ್ ವಾಟ್ಸಾಪ್ ಮಾಡಿದರೆ ಬಳಸಬೇಡಿ. ಮಾಲೀಕರ ಅಥವಾ ಹೊಣೆ ಹೊತ್ತವರ ಅನುಮತಿಯಿಲ್ಲದೆ ಕಂಪ್ಯೂಟರ್ ವ್ಯವಸ್ಥೆಯನ್ನು ಪ್ರವೇಶಿಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ ಅಡಿ ಬರುತ್ತದೆ, ಪರಿಚಯದ ಸಿಬ್ಬಂದಿಯೊಬ್ಬರ ಮಾತು ಸೊಸೈಟಿಯ ಅನುಮತಿ ಎನಿಸುವುದಿಲ್ಲ. ನಿಮ್ಮ ಕೈಯೇ ಬೇಕೆಂದಾದರೆ ಜನರಲ್ ಮ್ಯಾನೇಜರ್ ಅವರು ದಿನ ಮತ್ತು ಕೆಲಸವನ್ನು ನಮೂದಿಸಿ ಪತ್ರ ಕೊಡಲಿ, ಆ ಒಂದು ದಿನಕ್ಕೆ ಬೇರೆ ಐಡಿ ಮಾಡಿಸಲಿ, ಹೊಸಬರು ಪಕ್ಕದಲ್ಲಿ ಕುಳಿತಿರಲಿ.